ಎಐ ಬರೆದ ‘ಹಳ್ಳಿಯ ಜೀವನ’ವನ್ನು ಮಗಳ ಪ್ರಬಂಧ ಮಾಡುವುದು ಹೇಗೆ?

ಪ್ರಶ್ನೆ: ಮಗಳು ಏಳನೇ ತರಗತಿ. ‘ಹಳ್ಳಿಯ ಜೀವನ’ ಅಂತ ಪ್ರಬಂಧ ಬರೆಯೋಕೆ ಹೇಳಿದ್ದರು. ಫೋನಿನಲ್ಲಿ ಎಐ ಕೈಲಿ ಬರೆಸಿ, ನೋಟ್‌ಬುಕ್ಕಿಗೆ ಇಳಿಸಿಕೊಂಡು ಹೋದಳು. ಟೀಚರ್ ‘ಇದು ನಿನ್ನದಲ್ಲ, ನಿನ್ನ ಮಾತಲ್ಲಿ ಬರೆದುಕೊಂಡು ಬಾ’ ಅಂತ ವಾಪಸ್ ಕಳಿಸಿದ್ದಾರೆ. ನಾನು ಕೂತು ಕಷ್ಟದ ಪದಗಳನ್ನೆಲ್ಲ ಬದಲಾಯಿಸಿದೆ. ಆದರೂ ಮಗು ಬರೆದ ಹಾಗೆ ಕಾಣುತ್ತಿಲ್ಲ. ಪ್ರತಿ ರಜೆಗೂ ಅಜ್ಜಿ ಊರಿಗೆ ಹೋಗುತ್ತಾಳೆ, ಊರು ಅವಳಿಗೆ ಚೆನ್ನಾಗಿ ಗೊತ್ತು. ಇದನ್ನು ಹೇಗೆ ಸರಿ ಮಾಡುವುದು?

ಉತ್ತರ:

ಪದ ಬದಲಾಯಿಸಿದರೆ ಇದು ಸರಿಯಾಗುವುದಿಲ್ಲ. ‘ತೆರಳುತ್ತಾರೆ’ ಇದ್ದ ಕಡೆ ‘ಹೋಗುತ್ತಾರೆ’ ಹಾಕಿದರೂ ಹೋಗುವವರು ಯಾರು ಅಂತ ಆ ಪ್ರಬಂಧಕ್ಕೆ ಗೊತ್ತಿಲ್ಲ. ತೊಂದರೆ ಇರುವುದು ಅಲ್ಲಿ. ನಾನು ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಇಂಥ ಪ್ರಬಂಧಗಳು ಈಗ ಪ್ರತಿ ತರಗತಿಯಲ್ಲೂ ಬರುತ್ತವೆ. ಅವುಗಳಲ್ಲಿ ಒಂದನ್ನು, ಏಳನೇ ತರಗತಿಯ ಒಬ್ಬ ಹುಡುಗಿ ತಂದದ್ದನ್ನು, ಅವಳ ಜೊತೆ ಕೂತು ಮೊದಲಿಂದ ಬರೆಸಿದೆ. ಅದನ್ನೇ ನಿಮಗೆ ಬಿಡಿಸಿ ಹೇಳುತ್ತೇನೆ. ಅವಳ ಅಜ್ಜಿ ಊರು ತಿಪಟೂರಿನ ಕಡೆ.

ಅವಳು ತಂದಿದ್ದ ಬರಹ ಹೀಗೆ ಶುರುವಾಗುತ್ತಿತ್ತು:

“ಭಾರತವು ಹಳ್ಳಿಗಳ ದೇಶವಾಗಿದೆ. ಹಳ್ಳಿಯ ಜೀವನವು ಸರಳ, ಶಾಂತ ಮತ್ತು ಪ್ರಕೃತಿಗೆ ಹತ್ತಿರವಾಗಿದೆ. ನನ್ನ ಹಳ್ಳಿಯು ಹಚ್ಚ ಹಸಿರಿನ ಹೊಲಗಳು, ಸ್ವಚ್ಛವಾದ ಕೆರೆ ಮತ್ತು ಸುಂದರವಾದ ದೇವಾಲಯವನ್ನು ಹೊಂದಿದೆ. ಬೆಳಿಗ್ಗೆ ಹಕ್ಕಿಗಳ ಚಿಲಿಪಿಲಿ ನಾದವು ನಮ್ಮನ್ನು ಎಚ್ಚರಗೊಳಿಸುತ್ತದೆ. ರೈತರು ತಮ್ಮ ಎತ್ತುಗಳೊಂದಿಗೆ ಹೊಲಗಳಿಗೆ ತೆರಳುತ್ತಾರೆ. ಹಬ್ಬಗಳು ಸಂಭ್ರಮದಿಂದ ಆಚರಿಸಲ್ಪಡುತ್ತವೆ. ಹಳ್ಳಿಯ ಜನರು ಮುಗ್ಧರು ಮತ್ತು ಪರಸ್ಪರ ಸಹಕಾರ ಮನೋಭಾವವನ್ನು ಹೊಂದಿದ್ದಾರೆ.”

ಕಾಗುಣಿತ ತಪ್ಪಿಲ್ಲ. ವ್ಯಾಕರಣವೂ ಸರಿ. ಆದರೆ ಒಂದೊಂದೇ ವಾಕ್ಯ ಹಿಡಿದು ‘ಇದನ್ನು ನೀನು ನೋಡಿದ್ದೀಯಾ?’ ಅಂತ ಅವಳನ್ನು ಕೇಳುತ್ತಾ ಹೋದೆ. ಹಸಿರು ಹೊಲ ನೋಡಿರಲಿಲ್ಲ. ಅವಳು ಊರಿಗೆ ಹೋಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಆ ಕಡೆ ಮಳೆ ನೆಚ್ಚಿಕೊಂಡ ಹೊಲದಲ್ಲಿ ರಾಗಿ ಬಿತ್ತುವುದೇ ಮಳೆಗಾಲ ಹಿಡಿದ ಮೇಲೆ, ಕೊಯ್ಲು ನವೆಂಬರ್ ಹೊತ್ತಿಗೆ. ಬೇಸಿಗೆಯಲ್ಲಿ ಅಲ್ಲಿ ಇರುವುದು ಉತ್ತು ಬಿಟ್ಟ ಕೆಂಪು ಮಣ್ಣು. ಹಸಿರು ಅಂದರೆ ತೆಂಗಿನ ತೋಟ ಮಾತ್ರ. ಕೆರೆಯಲ್ಲಿ ನೀರು ಅರ್ಧ ಇಳಿದಿತ್ತು, ಅಂಚಿನಲ್ಲಿ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಅಜ್ಜಿ ಮನೆಯಲ್ಲಿ ಎತ್ತು ಇಲ್ಲ, ಬಾಡಿಗೆ ಟ್ರ್ಯಾಕ್ಟರ್ ಕರೆಸಿ ಉಳುಮೆ ಮಾಡಿಸುತ್ತಾರೆ. ಹಕ್ಕಿ ಕೂಗಿಗೆ ಅವಳು ಎದ್ದೇ ಇಲ್ಲ. ಅಜ್ಜಿ ಡೈರಿಗೆ ಹೊರಡುವಾಗ ಹಾಲಿನ ಕ್ಯಾನು ಸದ್ದು ಮಾಡುತ್ತದೆ, ಅದಕ್ಕೆ ಎಚ್ಚರವಾಗುತ್ತದೆ.

ಅಂದರೆ ಅವಳ ಹೆಸರಿನಲ್ಲಿ ಬರೆದ ಪ್ರಬಂಧದಲ್ಲಿ ಅವಳಿಗೆ ನಿಜವಾಗಿದ್ದ ವಾಕ್ಯ ಹೆಚ್ಚುಕಡಿಮೆ ಇರಲೇ ಇಲ್ಲ. ಟೀಚರ್‌ಗೆ ಗೊತ್ತಾಗುವುದು ಇದರಿಂದಲೇ. ಭಾಷೆ ಜಾಸ್ತಿ ಚೆನ್ನಾಗಿದೆ ಅನ್ನುವುದು ಆಮೇಲಿನ ಮಾತು. ಯಾವ ಊರಿಗೆ ಹಚ್ಚಿದರೂ ಹೊಂದುವ ವಾಕ್ಯ ಯಾವ ಊರನ್ನೂ ನೋಡಿ ಬರೆದದ್ದಲ್ಲ.

ಹಾಗಾಗಿ ಆ ಬರಹವನ್ನು ತಿದ್ದಲು ಹೋಗಬೇಡಿ. ಮುಚ್ಚಿ ಪಕ್ಕಕ್ಕಿಡಿ. ಅದು ಕಣ್ಣೆದುರು ಇದ್ದರೆ ಮಗು ಅದರ ಸಾಲನ್ನೇ ಹಿಡಿದುಕೊಂಡು ಹೋಗುತ್ತದೆ. ಹೊಲ ಆಯಿತು, ಕೆರೆ ಆಯಿತು, ಇನ್ನು ದೇವಸ್ಥಾನ ಅನ್ನುವ ಹಾಗೆ. ನಮಗೆ ಆ ಸಾಲೇ ಬೇಡ.

ಮೊದಲ ಕೆಲಸ ಮಾತಾಡಿಸುವುದು. ಇಲ್ಲಿ ಹೆಚ್ಚಿನ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ‘ಅಜ್ಜಿ ಊರು ಹೇಗಿತ್ತು?’ ಅಂತ. ಮಗು ‘ಚೆನ್ನಾಗಿತ್ತು’ ಅನ್ನುತ್ತದೆ. ‘ಏನಿಷ್ಟ ಆಯ್ತು?’ ‘ಎಲ್ಲ.’ ಅಲ್ಲಿಗೆ ಮುಗಿಯಿತು. ಮಗುವಿಗೆ ನೆನಪಿಲ್ಲ ಅಂತಲ್ಲ. ಅಷ್ಟು ದೊಡ್ಡ ಪ್ರಶ್ನೆಗೆ ಒಂದೇ ಪದದ ಉತ್ತರ ಸಾಕಾಗುತ್ತದೆ, ಅಷ್ಟೇ. ಜಾಗ ಮತ್ತು ಹೊತ್ತು ಹಿಡಿದು ಚಿಕ್ಕದಾಗಿ ಕೇಳಬೇಕು. ಬಸ್ಸು ಇಳಿದ ಮೇಲೆ ಮೊದಲು ಏನು ಕಾಣುತ್ತೆ? ಬೆಳಿಗ್ಗೆ ಮನೆಯಲ್ಲಿ ಮೊದಲು ಏಳೋರು ಯಾರು, ಎದ್ದು ಏನು ಮಾಡ್ತಾರೆ? ರಾತ್ರಿ ಎಲ್ಲಿ ಮಲಗ್ತೀಯ? ಯಾವಾಗ ಬೈಸಿಕೊಂಡೆ? ಅಲ್ಲಿ ಯಾವುದಕ್ಕೆ ಭಯ ಆಯ್ತು?

ನಮ್ಮ ಹುಡುಗಿಗೆ ಬಾಗಿಲು ತೆರೆದದ್ದು ಮಲಗುವ ಪ್ರಶ್ನೆ. ‘ನಡುಮನೇಲಿ’ ಅಂದಳು. ಸುಮ್ನೆ ಇದ್ದೆ. ‘ಮೇಲೆ ಅಟ್ಟ ಇದೆ’ ಅಂದಳು. ‘ಆಮೇಲೆ?’ ಅಂದೆ. ಆಮೇಲೆ ಅವಳನ್ನು ನಿಲ್ಲಿಸುವುದೇ ಕಷ್ಟವಾಯಿತು. ಮಗು ಶುರು ಮಾಡಿದ ಮೇಲೆ ನೀವು ಕೇಳಬೇಕಾದದ್ದು ಎರಡೇ: ‘ಆಮೇಲೆ?’ ಮತ್ತು ‘ಅವರು ಏನಂದ್ರು?’ ಎರಡನೆಯದು ತುಂಬ ಮುಖ್ಯ. ಯಾರ ಬಾಯಿಂದ ಯಾವ ಮಾತು ಬಂತು ಅನ್ನುವುದನ್ನು ಮಕ್ಕಳು ಅಕ್ಷರಕ್ಕೆ ಅಕ್ಷರ ನೆನಪಿಟ್ಟಿರುತ್ತಾರೆ. ಅದು ಎಐಗೆ ಸಿಗುವ ಸರಕಲ್ಲ.

ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಆಮೇಲೆ ಅವಳು ಹೇಳಿದ ಹಾಗೇ ಒಂದು ಹಾಳೆಗೆ ಇಳಿಸಿ. ಸರಿ ಮಾಡಬೇಡಿ. ಈ ಹುಡುಗಿಯ ಮಾತು ಹೀಗಿತ್ತು:

“ನಡುಮನೇಲಿ ಮಲ್ಗಿದ್ವಿ ಮಿಸ್. ಮೇಲೆ ಗಡಗಡ ಗಡಗಡ ಅಂತು. ನಾನು ದೆವ್ವ ಅನ್ಕೊಂಡೆ. ಅಜ್ಜಿ ಸೆರಗು ಹಿಡ್ಕೊಂಡ್ಬಿಟ್ಟೆ. ಅಜ್ಜಿ ‘ಇಲಿ ಕಣೇ, ಮಲಿಕ್ಕೋ’ ಅಂದ್ರು. ಬೆಳಿಗ್ಗೆ ಏಣಿ ಹಾಕಿ ಅಟ್ಟ ಹತ್ತಿಸಿದ್ರು. ಎಷ್ಟು ಕಾಯಿ ಇತ್ತು ಗೊತ್ತಾ! ಒಂದು ಕೊಟ್ಟು ಕಿವಿ ಹತ್ರ ಅಲ್ಲಾಡ್ಸು ಅಂದ್ರು. ಒಳಗೆ ಗಡಗಡ ಅಂತು. ‘ನೀರು ಒಣಗಿ ಕೊಬ್ಬರಿ ಬಿಟ್ಕಂಡೈತೆ’ ಅಂದ್ರು. ಇನ್ನೊಂದು ಅಲ್ಲಾಡಿಸಿದ್ರೆ ನೀರು ಸದ್ದು ಬಂತು. ಅದು ಇನ್ನೂ ಆಗಿಲ್ವಂತೆ.”

ತಿಪಟೂರು ಕಡೆಯ ಕೊಬ್ಬರಿ ಗೊತ್ತಿರುವವರು ಇದನ್ನು ಓದಿದ ತಕ್ಷಣ ತಲೆಯಾಡಿಸುತ್ತಾರೆ. ಅಲ್ಲಿ ಕಾಯಿಯನ್ನು ಸುಲಿಯದೆ ಅಟ್ಟದಲ್ಲಿ ತಿಂಗಳುಗಟ್ಟಲೆ, ಹತ್ತಿರ ಹತ್ತಿರ ಒಂದು ವರ್ಷ ಇಡುತ್ತಾರೆ. ಒಳಗಿನ ನೀರು ಪೂರ್ತಿ ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಅಲ್ಲಾಡಿಸಿದರೆ ಉಂಡೆ ಚಿಪ್ಪಿಗೆ ಬಡಿದು ಸದ್ದು ಮಾಡುತ್ತದೆ. ಉಂಡೆ ಕೊಬ್ಬರಿ ಅನ್ನುವುದು ಅದಕ್ಕೇ. ಇಷ್ಟು ದೊಡ್ಡ ವಿಷಯವನ್ನು ಆ ಮಗು ಒಂದು ಇಲಿ, ಒಂದು ಸದ್ದಿನ ಮೂಲಕ ಹಿಡಿದಿತ್ತು. ನೋಟ್‌ಬುಕ್ಕಿನಲ್ಲಿ ಮಾತ್ರ ‘ಪ್ರಕೃತಿಗೆ ಹತ್ತಿರವಾಗಿದೆ’ ಅಂತ ಬರೆದುಕೊಂಡು ಬಂದಿತ್ತು. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿ.

ಈಗ ಮಾತನ್ನು ಬರಹ ಮಾಡಬೇಕು. ಪೆನ್ನು ಮಗುವಿನ ಕೈಯಲ್ಲೇ ಇರಲಿ. ಅವಳು ಬರೆದದ್ದು:

“ರಾತ್ರಿ ನಾವು ನಡುಮನೆಯಲ್ಲಿ ಮಲಗಿದ್ದೆವು. ಮೇಲೆ ಅಟ್ಟದಲ್ಲಿ ಗಡಗಡ ಎಂದು ಸದ್ದಾಯಿತು. ನಾನು ದೆವ್ವ ಅಂದುಕೊಂಡು ಅಜ್ಜಿಯ ಸೆರಗು ಹಿಡಿದುಕೊಂಡೆ. ‘ಇಲಿ ಕಣೇ, ಮಲಿಕ್ಕೋ’ ಎಂದರು ಅಜ್ಜಿ. ಬೆಳಿಗ್ಗೆ ಏಣಿ ಹಾಕಿ ನನ್ನನ್ನು ಅಟ್ಟ ಹತ್ತಿಸಿದರು. ಕಾಲಿಡಲು ಜಾಗ ಇಲ್ಲದಷ್ಟು ಕಾಯಿ ಇತ್ತು. ಅಜ್ಜಿ ಒಂದು ಕಾಯಿ ಕೊಟ್ಟು ಕಿವಿಯ ಹತ್ತಿರ ಅಲ್ಲಾಡಿಸು ಎಂದರು. ಒಳಗೆ ಗಡಗಡ ಎಂದಿತು. ‘ನೀರು ಒಣಗಿ ಕೊಬ್ಬರಿ ಬಿಟ್ಕಂಡೈತೆ’ ಎಂದರು. ಇನ್ನೊಂದನ್ನು ಅಲ್ಲಾಡಿಸಿದರೆ ನೀರಿನ ಸದ್ದು ಬಂತು. ಅದು ಇನ್ನೂ ಆಗಿಲ್ಲವಂತೆ.”

ಎಷ್ಟು ಕಡಿಮೆ ಬದಲಾಗಿದೆ ನೋಡಿ. ಮಾತಿನ ಕ್ರಮ ಹಾಗೇ ಇದೆ. ‘ಮಲ್ಗಿದ್ವಿ’ ಅನ್ನುವುದು ‘ಮಲಗಿದ್ದೆವು’ ಆಯಿತು, ಯಾಕೆಂದರೆ ಶಾಲೆಯಲ್ಲಿ ಬರಹದ ರೂಪ ಕಲಿಯಬೇಕು, ಅದಕ್ಕೆ ಅಂಕವೂ ಇದೆ. ಅಜ್ಜಿಯ ಮಾತನ್ನು ಮಾತ್ರ ಮುಟ್ಟಲಿಲ್ಲ. ಅದು ಉದ್ಧರಣ ಚಿಹ್ನೆಯ ಒಳಗಿದೆ, ಆಡುಮಾತು ಅಲ್ಲಿರಬಹುದು. ‘ಬಿಟ್ಟುಕೊಂಡಿದೆ’ ಅಂತ ಅಜ್ಜಿಯ ಬಾಯಲ್ಲಿ ಹೇಳಿಸಿದರೆ ಅವರು ಆ ಮಗುವಿನ ಅಜ್ಜಿಯಾಗಿ ಉಳಿಯುವುದಿಲ್ಲ. ‘ಎಷ್ಟು ಕಾಯಿ ಇತ್ತು ಗೊತ್ತಾ’ ಅನ್ನುವುದು ಮಾತಿನಲ್ಲಿ ಸರಿ, ಏಕೆಂದರೆ ಅವಳು ಕೈ ಅಗಲಿಸಿ ತೋರಿಸುತ್ತಿದ್ದಳು. ಬರಹದಲ್ಲಿ ಕೈ ಕಾಣುವುದಿಲ್ಲ. ‘ಎಷ್ಟು ಅಂದ್ರೆ ಎಷ್ಟು?’ ಅಂತ ಕೇಳಿದೆ. ‘ಕಾಲಿಡೋಕೆ ಜಾಗ ಇರ್ಲಿಲ್ಲ’ ಅಂದಳು. ಅದೇ ವಾಕ್ಯವಾಯಿತು. ದೊಡ್ಡವರು ಇಂಥ ಕಡೆ ‘ರಾಶಿ ರಾಶಿ’, ‘ಬೆಟ್ಟದಷ್ಟು’ ಅಂತ ಹೇಳಿಕೊಡುತ್ತಾರೆ. ಹೇಳಿಕೊಡಬೇಡಿ, ಕೇಳಿ.

ಇನ್ನೊಂದು ಆಸೆ ಬರುತ್ತದೆ. ‘ತೆಂಗು ಕಲ್ಪವೃಕ್ಷ’ ಅಂತ ಒಂದು ವಾಕ್ಯ ಸೇರಿಸಿಬಿಡೋಣ, ಸ್ವಲ್ಪ ತೂಕ ಬರುತ್ತೆ ಅಂತ. ಬೇಡ. ಆ ವಾಕ್ಯ ಬಂದ ತಕ್ಷಣ ಮಗು ಹೊರಗೆ ಹೋಗಿ ಪುಸ್ತಕ ಮಾತಾಡಲು ಶುರುವಾಗುತ್ತದೆ. ಮಾಹಿತಿ ಬೇಕೇ ಬೇಕು ಅನ್ನಿಸಿದರೆ ಅಜ್ಜಿಗೆ ಫೋನ್ ಮಾಡಿಸಿ. ಈ ಹುಡುಗಿ ಮನೆಗೆ ಹೋಗಿ ಫೋನ್ ಮಾಡಿ, ‘ಕಾಯಿ ಎಷ್ಟು ದಿನ ಅಟ್ಟದಲ್ಲಿ ಇರುತ್ತೆ, ಆಮೇಲೆ ಏನು ಮಾಡ್ತೀರಿ?’ ಅಂತ ಕೇಳಿದಳು. ಒಂದು ವರ್ಷ ಇಟ್ಟು, ಸುಲಿಸಿ, ಚಿಪ್ಪು ಒಡೆಸಿ, ತಿಪಟೂರು ಮಾರ್ಕೆಟ್ಟಿಗೆ ಹಾಕುತ್ತೇವೆ ಅಂದರಂತೆ. ಅದು ‘ಅಜ್ಜಿ ಹೇಳಿದರು’ ಅಂತಲೇ ಪ್ರಬಂಧಕ್ಕೆ ಬಂತು. ಮಾಹಿತಿಯೂ ಸಿಕ್ಕಿತು, ಅಜ್ಜಿಯ ದನಿಯೂ ಉಳಿಯಿತು.

ಈ ಎರಡು ಬರಹಗಳನ್ನು ಅಕ್ಕಪಕ್ಕ ಇಟ್ಟರೆ ಕಾಣುವ ದೊಡ್ಡ ವ್ಯತ್ಯಾಸ ಕಾಲದ್ದು. ಎಐ ಬರಹದಲ್ಲಿ ಎಲ್ಲವೂ ‘ತೆರಳುತ್ತಾರೆ’, ‘ಎಚ್ಚರಗೊಳಿಸುತ್ತದೆ’. ಯಾವಾಗಲೂ ನಡೆಯುವ ಮಾತು, ಯಾವ ದಿನವೂ ನಡೆಯದ ಮಾತು. ಮಗುವಿನ ಬರಹ ‘ಮಲಗಿದ್ದೆವು’, ‘ಹತ್ತಿಸಿದರು’, ‘ಬಂತು’. ಒಂದು ರಾತ್ರಿ, ಒಂದು ಬೆಳಿಗ್ಗೆ. ನೀವು ಒಂದೇ ಒಂದು ನಿಯಮ ಹಿಡಿದುಕೊಳ್ಳುವುದಾದರೆ ಇದನ್ನು ಹಿಡಿದುಕೊಳ್ಳಿ: ‘ಉತ್ತದೆ’, ‘ಉತ್ತಾರೆ’ ಅಂತ ಮುಗಿಯುವ ವಾಕ್ಯ ಬಂದಾಗ ‘ಒಂದು ದಿನ ಏನಾಯ್ತು?’ ಅಂತ ಕೇಳಿ. ಕ್ರಿಯಾಪದ ಭೂತಕಾಲಕ್ಕೆ ಬರಬೇಕಾದರೆ ಮಗು ನಿಜವಾದ ಒಂದು ದಿನವನ್ನು ನೆನಪು ಮಾಡಿಕೊಳ್ಳಲೇಬೇಕು. ದಿನಾ ನಡೆಯುವ ಸಂಗತಿಯೂ ಬೇಕು, ಆದರೆ ಒಂದೆರಡು ವಾಕ್ಯ ಸಾಕು.

ವಾಕ್ಯದ ಕಟ್ಟಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಕಷ್ಟದ ಪದ ತೆಗೆದ ಮೇಲೂ ನಿಮಗೆ ಏನೋ ಸರಿಯಿಲ್ಲ ಅನ್ನಿಸಿದ್ದು ಇದರಿಂದ. ‘ಹಳ್ಳಿಯು ಕೆರೆಯನ್ನು ಹೊಂದಿದೆ’ ಅಂತ ಯಾವ ಮಗುವೂ ಹೇಳುವುದಿಲ್ಲ. ‘ಊರಲ್ಲಿ ಕೆರೆ ಇದೆ’ ಅನ್ನುತ್ತದೆ. ‘ಹಬ್ಬಗಳು ಆಚರಿಸಲ್ಪಡುತ್ತವೆ’ ಅನ್ನುವಲ್ಲಿ ಹಬ್ಬ ಮಾಡುವವರೇ ಇಲ್ಲ. ‘ಹಬ್ಬ ಮಾಡುತ್ತೇವೆ’ ಅಂದರೆ ಮನೆಯವರೆಲ್ಲ ಒಳಗೆ ಬಂದರು. ‘ನಾದವು ನಮ್ಮನ್ನು ಎಚ್ಚರಗೊಳಿಸುತ್ತದೆ’ ಬೇಡ, ‘ಕ್ಯಾನಿನ ಸದ್ದಿಗೆ ಎಚ್ಚರವಾಯಿತು’ ಸಾಕು. ಕನ್ನಡದಲ್ಲಿ ಎಚ್ಚರ, ಭಯ, ಹಸಿವು, ಖುಷಿ ಎಲ್ಲ ನಮಗೆ ತಾವಾಗಿ ಆಗುತ್ತವೆ. ‘ನನಗೆ ಭಯವಾಯಿತು’ ಅನ್ನುತ್ತೇವೆ, ‘ನಾನು ಭಯವನ್ನು ಅನುಭವಿಸಿದೆ’ ಅನ್ನುವುದಿಲ್ಲ.

ಬಹುವಚನವನ್ನೂ ಗಮನಿಸಿ. ‘ಹೊಲಗಳಿಗೆ’, ‘ಎತ್ತುಗಳೊಂದಿಗೆ’, ‘ತೆಂಗಿನಕಾಯಿಗಳು’. ಮಕ್ಕಳ ಬಾಯಲ್ಲಿ ವಸ್ತುಗಳಿಗೆ ‘ಗಳು’ ಅಷ್ಟಾಗಿ ಬರುವುದಿಲ್ಲ. ‘ಅಟ್ಟದ ತುಂಬ ಕಾಯಿ ಇತ್ತು’, ‘ಹೊಲಕ್ಕೆ ಹೋದರು’. ಇದು ತಪ್ಪಲ್ಲ, ಕನ್ನಡದ ಸಹಜ ರೀತಿಯೇ ಹೀಗೆ. ಹಾಗೆಯೇ ‘ಮತ್ತು’. ‘ನಾನು ಮತ್ತು ನನ್ನ ತಮ್ಮ ಹೋದೆವು’ ಅನ್ನುವುದಕ್ಕಿಂತ ‘ನಾನೂ ತಮ್ಮನೂ ಹೋದೆವು’ ಕಿವಿಗೆ ಹಿತ. ಇನ್ನು ಕೆಲಸದ ಮೇಲೆ ಕೆಲಸ ಬಂದಾಗ ಮಗು ವಾಕ್ಯ ಕತ್ತರಿಸುವುದಿಲ್ಲ, ಹೆಣೆಯುತ್ತದೆ. ‘ಎದ್ದು, ಮುಖ ತೊಳೆದು, ಅಜ್ಜಿ ಹಿಂದೆ ಓಡಿದೆ.’ ಎಐ ಇದನ್ನು ‘ನಾನು ಎದ್ದೆ. ನಂತರ ನಾನು ಮುಖವನ್ನು ತೊಳೆದುಕೊಂಡೆ. ನಂತರ ನಾನು...’ ಅಂತ ಬರೆದೀತು. ‘ಓಡಿದೆ’ ಅಂದಾಗಲೇ ಓಡಿದ್ದು ನಾನು ಅಂತ ಗೊತ್ತಾಗುತ್ತದಲ್ಲ, ಪ್ರತಿ ಸಲ ‘ನಾನು’ ಬೇಕಿಲ್ಲ.

ಈ ಪಟ್ಟಿಯನ್ನೆಲ್ಲ ಮಗಳಿಗೆ ಪಾಠ ಮಾಡಬೇಡಿ. ಬರೆದದ್ದನ್ನು ಜೋರಾಗಿ ಓದಿಸಿ, ಅಷ್ಟೇ. ಅವಳು ತಡವರಿಸಿದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದು, ‘ಇದನ್ನ ಫ್ರೆಂಡಿಗೆ ಹೇಗೆ ಹೇಳ್ತೀಯ?’ ಅಂತ ಕೇಳಿ. ಅವಳು ಹೇಳಿದ್ದನ್ನು ಬರಹದ ಕ್ರಿಯಾಪದ ಹಾಕಿ ಬರೆಸಿ.

ಇಲ್ಲೊಂದು ಎಚ್ಚರಿಕೆ. ಕೆಲವರು ಸುಲಭದ ದಾರಿ ಅಂತ ಎಐಗೇ ‘ಹನ್ನೆರಡು ವರ್ಷದ ಮಗು ಬರೆದ ಹಾಗೆ, ಸ್ವಂತ ನೆನಪು ಸೇರಿಸಿ ಬರೆ’ ಅಂತ ಹೇಳುತ್ತಾರೆ. ಆಗ ಬರುವುದು ಈ ರೀತಿ: “ಅಜ್ಜಿಯ ಕೈತುತ್ತು ಅಮೃತದಂತಿತ್ತು. ಪುಟ್ಟ ಕರು ಗೌರಿ ನನ್ನನ್ನು ಕಂಡು ಸಂತೋಷದಿಂದ ಕುಣಿಯಿತು. ಆಹಾ, ಎಷ್ಟು ಸುಂದರ ನನ್ನ ಹಳ್ಳಿ!” ಇದು ಮೊದಲಿನದಕ್ಕಿಂತ ಕೆಟ್ಟದ್ದು. ಮೊದಲಿನದು ಯಾರದೂ ಅಲ್ಲದ ಮಾತಾಗಿತ್ತು. ಇದು ಇಲ್ಲದ ಕರುವಿಗೆ ಹೆಸರಿಟ್ಟು, ನಡೆಯದ್ದನ್ನು ಮಗುವಿನ ನೆನಪು ಅಂತ ಹೇಳುತ್ತಿದೆ. ಟೀಚರ್ ‘ಗೌರಿ ಈಗ ಹೇಗಿದ್ದಾಳೆ?’ ಅಂತ ಕೇಳಿದರೆ ಮಗು ಏನು ಹೇಳಬೇಕು?

ಮಕ್ಕಳ ಭಾಷೆ ಅಂದರೆ ‘ಆಹಾ’, ‘ಪುಟ್ಟ’, ‘ಮುದ್ದಾದ’ ಅಂತ ದೊಡ್ಡವರು ಅಂದುಕೊಂಡಿದ್ದಾರೆ. ಮಕ್ಕಳು ಹೊಗಳುವುದು ಕಡಿಮೆ. ಅವರು ಲೆಕ್ಕ ಇಡುತ್ತಾರೆ, ದೂರು ಹೇಳುತ್ತಾರೆ, ಯಾರಿಗೆ ಜಾಸ್ತಿ ಸಿಕ್ಕಿತು ಅಂತ ನೋಡುತ್ತಾರೆ, ಯಾರು ಯಾರನ್ನು ಬೈದರು ಅಂತ ಮರೆಯುವುದಿಲ್ಲ. ಆ ಹುಡುಗಿಯ ಪ್ರಬಂಧದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಅವಳ ದೂರು. ಮಧ್ಯಾಹ್ನ ಕರೆಂಟ್ ಇರುವುದಿಲ್ಲ, ನಲ್ಲಿ ನೀರು ದಿನ ಬಿಟ್ಟು ದಿನ, ಬಂದ ದಿನ ಚಿಕ್ಕಮ್ಮ ಯಾರನ್ನೂ ಕೂರಲು ಬಿಡುವುದಿಲ್ಲ. ‘ಇದನ್ನೆಲ್ಲ ಬರೀಬಹುದಾ ಮಿಸ್?’ ಅಂತ ಕೇಳಿದಳು. ಹಳ್ಳಿಯನ್ನು ಹೊಗಳಲೇಬೇಕು ಅಂತ ವಿಷಯದಲ್ಲಿ ಎಲ್ಲೂ ಹೇಳಿಲ್ಲ. ಬೇಸರ, ಸೊಳ್ಳೆ, ನೀರಿನ ತಾಪತ್ರಯ ಎಲ್ಲವೂ ಹಳ್ಳಿಯ ಜೀವನವೇ ಅಲ್ವಾ? ಒಂದು ದೂರಾದರೂ ಇರಲಿ.

ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ಶಾಲೆಯಲ್ಲಿ ಕಲಿಸುತ್ತಾರೆ. ಆ ಚೌಕಟ್ಟು ಮುರಿಯಬೇಕಿಲ್ಲ. ಪೀಠಿಕೆಯಲ್ಲಿ ಭಾರತ ಬೇಡ, ಯಾರ ಊರು, ಎಲ್ಲಿದೆ, ಯಾವಾಗ ಹೋಗುತ್ತೀಯ ಅನ್ನುವುದು ಸಾಕು. ವಿವರಣೆಗೆ ಮೂರು ಸಂಗತಿ ಧಾರಾಳ. ನೆನಪಾದದ್ದನ್ನೆಲ್ಲ ತುರುಕಿದರೆ ಮತ್ತೆ ಪಟ್ಟಿಯಾಗುತ್ತದೆ. ಈ ಹುಡುಗಿಗೆ ಜಾತ್ರೆ, ಟೈರು ಓಡಿಸಿದ್ದು, ಮಾವಿನಕಾಯಿ ಎಲ್ಲ ಇತ್ತು. ಅವಳೇ ಆರಿಸಿ ಡೈರಿ, ಅಟ್ಟ, ನೀರು ಈ ಮೂರನ್ನು ಉಳಿಸಿಕೊಂಡಳು. ಉಪಸಂಹಾರದಲ್ಲಿ ‘ಹಳ್ಳಿಗಳನ್ನು ಉಳಿಸುವುದು ನಮ್ಮೆಲ್ಲರ ಕರ್ತವ್ಯ’ ಅಂತ ಬರುವುದು ರೂಢಿ. ಅದರ ಬದಲು ಹೊರಡುವ ದಿನ ಏನಾಯಿತು ಅಂತ ಬರೆಸಿದೆ. ನಿಮ್ಮ ಟೀಚರ್‌ಗೆ ಅಭಿಪ್ರಾಯ ಬೇಕೇ ಬೇಕು ಅಂತಿದ್ದರೆ ‘ನಿನಗೆ ಅಲ್ಲಿ ಹೊಸದಾಗಿ ಏನು ಗೊತ್ತಾಯ್ತು?’ ಅಂತ ಕೇಳಿ, ಅವಳು ಹೇಳಿದ ಒಂದು ವಾಕ್ಯ ಸೇರಿಸಿ.

ಕೊನೆಗೆ ಅವಳು ಒಪ್ಪಿಸಿದ ಪ್ರಬಂಧ ಇದು. ಅಟ್ಟದ ಭಾಗವನ್ನು ಆಗಲೇ ಕೊಟ್ಟಿದ್ದೇನೆ, ಅದನ್ನು ಬಿಟ್ಟು ಉಳಿದದ್ದು:

“ನನ್ನ ಅಜ್ಜಿಯ ಊರು ತಿಪಟೂರಿನ ಹತ್ತಿರ ಇದೆ. ಬೇಸಿಗೆ ರಜೆಗೆ ನಾನೂ ತಮ್ಮನೂ ಅಲ್ಲಿಗೆ ಹೋಗುತ್ತೇವೆ. ಬಸ್ಸು ಇಳಿದ ತಕ್ಷಣ ನೀರಿನ ಟ್ಯಾಂಕು ಕಾಣುತ್ತದೆ. ಅದರ ಪಕ್ಕದಲ್ಲಿ ಅಜ್ಜಿ ನಿಂತಿರುತ್ತಾರೆ. ನಮ್ಮ ಬ್ಯಾಗು ಅವರೇ ಹಿಡಿದುಕೊಳ್ಳುತ್ತಾರೆ, ಕೊಡು ಎಂದರೂ ಕೊಡುವುದಿಲ್ಲ.

ಅಜ್ಜಿ ಕತ್ತಲಿರುವಾಗಲೇ ಎದ್ದು ಹಾಲು ಕರೆಯುತ್ತಾರೆ. ಒಂದು ದಿನ ಕ್ಯಾನಿನ ಸದ್ದಿಗೆ ನನಗೆ ಎಚ್ಚರವಾಯಿತು. ಎದ್ದು, ಮುಖ ತೊಳೆದು, ಅಜ್ಜಿಯ ಹಿಂದೆ ಡೈರಿಗೆ ಓಡಿದೆ. ಅಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಡೈರಿಯ ಅಣ್ಣ ಸ್ವಲ್ಪ ಹಾಲು ತೆಗೆದು ಮಿಷನ್ನಿಗೆ ಹಾಕಿ ಫ್ಯಾಟ್ ನೋಡಿದರು. ಆಮೇಲೆ ಚೀಟಿ ಕೊಟ್ಟರು. ನಿನ್ನೆಗಿಂತ ಫ್ಯಾಟ್ ಕಡಿಮೆ ಬಂದಿತ್ತು. ಅಜ್ಜಿ ಮನೆಗೆ ಬರುವವರೆಗೂ ಹಸುವನ್ನು ಬೈದರು. ಆದರೆ ಮನೆಗೆ ಬಂದು ಅದಕ್ಕೆ ಹಿಂಡಿ ಇಟ್ಟರು.

ಊರಿನಲ್ಲಿ ಮಧ್ಯಾಹ್ನ ಕರೆಂಟ್ ಇರುವುದಿಲ್ಲ. ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುತ್ತದೆ. ನೀರು ಬಂದ ದಿನ ಚಿಕ್ಕಮ್ಮ ಯಾರನ್ನೂ ಕೂರಲು ಬಿಡುವುದಿಲ್ಲ. ನಾನೂ ತಮ್ಮನೂ ಬಿಂದಿಗೆ ಹೊತ್ತು ತೊಟ್ಟಿ ತುಂಬಿಸಿದೆವು. ತಮ್ಮ ದಾರಿಯಲ್ಲೇ ಅರ್ಧ ಬಿಂದಿಗೆ ಚೆಲ್ಲಿದ. ಆದರೂ ಚಿಕ್ಕಮ್ಮ ಅವನಿಗೇ ಮೊದಲು ಪಾನಕ ಕೊಟ್ಟರು.

ಹೊರಡುವ ದಿನ ಅಜ್ಜಿ ನಮ್ಮ ಬ್ಯಾಗಿಗೆ ಕೊಬ್ಬರಿ ಹಾಕಿದರು. ಕಾಯಿ ಒಂದು ವರ್ಷ ಅಟ್ಟದಲ್ಲಿ ಇದ್ದರೆ ಕೊಬ್ಬರಿಯಾಗುತ್ತದೆ ಎಂದು ಅಜ್ಜಿ ಹೇಳಿದರು. ಆಮೇಲೆ ತಿಪಟೂರು ಮಾರ್ಕೆಟ್ಟಿಗೆ ಹಾಕುತ್ತಾರಂತೆ. ಮುಂದಿನ ವರ್ಷ ನಾನೇ ಅಟ್ಟ ಹತ್ತಿ, ಅಲ್ಲಾಡಿಸಿ, ಒಣಗಿದ ಕಾಯಿ ಆರಿಸಿ ಕೊಡುತ್ತೇನೆ ಎಂದು ಅಜ್ಜಿಗೆ ಹೇಳಿದ್ದೇನೆ.”

‘ಫ್ಯಾಟ್’, ‘ಮಿಷನ್’, ‘ಕರೆಂಟ್’ ಇವನ್ನು ತೆಗೆಯಬೇಕಾ ಅಂತ ನೀವು ಕೇಳಬಹುದು. ನಾನು ಉಳಿಸಿದೆ. ಡೈರಿಯಲ್ಲಿ ನಿಂತವರೆಲ್ಲ ಫ್ಯಾಟ್ ಅಂತಲೇ ಹೇಳುತ್ತಾರೆ, ‘ಕೊಬ್ಬಿನಂಶ’ ಅಂತ ಬರೆದರೆ ಮಗು ಅಲ್ಲಿಗೆ ಹೋಗಿದ್ದೇ ಸುಳ್ಳು ಅನ್ನಿಸುತ್ತದೆ. ಕರೆಂಟನ್ನು ‘ವಿದ್ಯುತ್’ ಮಾಡಿ ಅಂತ ನಿಮ್ಮ ಟೀಚರ್ ಹೇಳಿದರೆ ಮಾಡಿ, ಅದರಿಂದ ಹೆಚ್ಚೇನೂ ಹೋಗುವುದಿಲ್ಲ.

ನಿಮ್ಮ ಮಗಳ ಅಜ್ಜಿ ಊರು ಬೇರೆ, ಬೆಳೆ ಬೇರೆ, ಮಾತು ಬೇರೆ. ಈ ಪ್ರಬಂಧವನ್ನು ಅವಳಿಗೆ ತೋರಿಸದಿದ್ದರೆ ಒಳ್ಳೆಯದು. ತೋರಿಸಿದರೆ ಅವಳ ಊರಲ್ಲೂ ಒಂದು ಅಟ್ಟ ಹುಟ್ಟಿಕೊಳ್ಳುತ್ತದೆ. ಸಂಜೆ ಊಟಕ್ಕೆ ಕೂತಾಗ ಮಲಗುವ ಜಾಗದ ಪ್ರಶ್ನೆಯಿಂದಲೋ ಬಸ್ಸು ಇಳಿಯುವ ಪ್ರಶ್ನೆಯಿಂದಲೋ ಶುರು ಮಾಡಿ. ಅವಳು ಹೇಳುವಾಗ ‘ಹಾಗಲ್ಲ, ಅವತ್ತು ಹೀಗಾಗಿತ್ತು’ ಅಂತ ತಿದ್ದುವ ಆಸೆ ನಿಮಗೆ ಬರುತ್ತದೆ, ಯಾಕೆಂದರೆ ಅದು ನಿಮ್ಮ ಊರೂ ಹೌದಲ್ಲ. ತಡೆದುಕೊಳ್ಳಿ. ನಿಮ್ಮ ಬಾಲ್ಯದ ಬಾವಿ, ಎತ್ತಿನ ಗಾಡಿ ಅವಳ ಪ್ರಬಂಧಕ್ಕೆ ಬಂದರೆ ಅದೂ ಬೇರೆಯವರ ಬರಹವೇ.

ಎಲ್ಲ ಮುಗಿದ ಮೇಲೆ ಕಾಗುಣಿತ ನೋಡಲು ಬೇಕಾದರೆ ಮತ್ತೆ ಎಐ ಬಳಸಬಹುದು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ‘ತಿದ್ದಿ ಕೊಡು’ ಅನ್ನಬೇಡಿ. ಹಾಗಂದರೆ ಅದು ‘ಮಲಿಕ್ಕೋ’ ಅನ್ನುವುದನ್ನು ‘ಮಲಗು’ ಮಾಡುತ್ತದೆ, ‘ಕಾಯಿ ಇತ್ತು’ ಅನ್ನುವುದನ್ನು ‘ತೆಂಗಿನಕಾಯಿಗಳು ಇದ್ದವು’ ಮಾಡುತ್ತದೆ, ಕೊನೆಗೆ ಒಂದು ನೀತಿಯನ್ನೂ ಅಂಟಿಸುತ್ತದೆ. ‘ಕಾಗುಣಿತ ತಪ್ಪಿರುವ ಪದಗಳನ್ನು ಮಾತ್ರ ಪಟ್ಟಿ ಮಾಡು, ವಾಕ್ಯ ಬದಲಾಯಿಸಬೇಡ’ ಅಂತ ಹೇಳಿ. ಆ ಪಟ್ಟಿ ಕೂಡ ಪೂರ್ತಿ ಸರಿ ಇರುತ್ತದೆ ಅಂತ ನಂಬಬೇಡಿ. ಅಜ್ಜಿಯ ಮಾತುಗಳನ್ನು ಅದು ತಪ್ಪು ಅಂತಲೇ ತೋರಿಸುವುದು ಹೆಚ್ಚು, ಅವನ್ನು ಬಿಟ್ಟು ಉಳಿದದ್ದನ್ನು ನೀವೇ ಒಂದು ಸಲ ನೋಡಿ, ಪಟ್ಟಿ ಹಿಡಿದುಕೊಂಡು ಮಗಳೇ ತನ್ನ ನೋಟ್‌ಬುಕ್ಕಿನಲ್ಲಿ ತಿದ್ದಿಕೊಳ್ಳಲಿ.